ಗಾಯ ಕುತ್ತಿಗೆಯಲ್ಲಿ, ಕಳ್ಳ ಕಿವಿಯೊಳಗೆ

ಎರಡು ತಿಂಗಳ ಬೆಕ್ಕಿನ ಮರಿಯೊಂದನ್ನು ಮನೆಗೆ ತಂದಿದ್ದಾರೆ ಎಂದುಕೊಳ್ಳಿ. ಚೆನ್ನಾಗಿ ತಿನ್ನುತ್ತದೆ, ಆಡುತ್ತದೆ. ಆದರೆ ಆಟದ ನಡುವೆ ತಟ್ಟನೆ ಕೂತು ಹಿಂಗಾಲಿನಿಂದ ಕಿವಿಯ ಬುಡವನ್ನು ಪರಪರ ಕೆರೆದುಕೊಳ್ಳುತ್ತದೆ. ತಲೆ ಒದರುತ್ತದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಕಿವಿಯ ಹಿಂದೆ ಕೂದಲು ಉದುರಿ, ಕುತ್ತಿಗೆಯ ಬದಿಯಲ್ಲಿ ಕೆಂಪು ಗೀರುಗಳು ಮೂಡಿ, ಅವುಗಳ ಮೇಲೆ ಹಕ್ಕಳೆ ಕಟ್ಟುತ್ತದೆ. ಮನೆಯವರು ಕುತ್ತಿಗೆಗೆ ಅರಿಶಿನ ಹಚ್ಚುತ್ತಾರೆ. ಗಾಯ ಒಣಗುತ್ತದೆ, ಮರುದಿನ ಮತ್ತೆ ಕೀಳುತ್ತದೆ.

ಕೀಳದೆ ಏನು ಮಾಡೀತು? ತುರಿಕೆ ಹುಟ್ಟುವುದು ಕುತ್ತಿಗೆಯಲ್ಲಲ್ಲ, ಕಿವಿಯ ಕೊಳವೆಯೊಳಗೆ. ಮರಿಯ ಹಿಂಗಾಲು ಅಲ್ಲಿಗೆ ತಲುಪುವುದಿಲ್ಲ. ಹಾಗಾಗಿ ಉಗುರಿನ ಏಟೆಲ್ಲ ಕಿವಿಯ ಹಿಂಬದಿಗೆ, ಕೆನ್ನೆಗೆ, ಕುತ್ತಿಗೆಗೆ ಬೀಳುತ್ತದೆ.

ಇಂಥ ಮರಿಯ ಕಿವಿಯನ್ನು ಮೆಲ್ಲಗೆ ಹಿಂದಕ್ಕೆ ಮಡಚಿ ಬೆಳಕಿನಲ್ಲಿ ನೋಡಿದರೆ ಕಾಫಿ ಚರಟದಂಥ ಕಪ್ಪು-ಕಂದು ಪುಡಿ ಕಾಣುತ್ತದೆ. ಅದು ಬರೀ ಕೊಳೆಯಲ್ಲ. ಕಿವಿಯ ಗುಗ್ಗೆ, ಒಣಗಿದ ರಕ್ತ, ಸತ್ತ ಚರ್ಮ ಮತ್ತು ನುಸಿಗಳ ಹಿಕ್ಕೆ ಅದರಲ್ಲಿ ಬೆರೆತಿರುತ್ತವೆ. ಈ ನುಸಿಯ ಶಾಸ್ತ್ರೀಯ ಹೆಸರು ಒಟೊಡೆಕ್ಟಿಸ್ ಸೈನೋಟಿಸ್. ಎಂಟು ಕಾಲಿನ, ಬಿಳಿ ಬಣ್ಣದ, ಅರ್ಧ ಮಿಲಿಮೀಟರನ್ನೂ ಮುಟ್ಟದ ಜೀವಿ. ಪುಡಿಯನ್ನು ಹೊರಗಿನಿಂದಲೇ ಹತ್ತಿಯಲ್ಲಿ ಒರೆಸಿ ಕಪ್ಪು ಕಾಗದದ ಮೇಲೆ ಉದುರಿಸಿ ಭೂತಗನ್ನಡಿಯಲ್ಲಿ ನೋಡಿದರೆ ಬಿಳಿ ಚುಕ್ಕೆಗಳು ಹರಿದಾಡುವುದು ಕಾಣಬಹುದು. ಕಾಣದಿದ್ದರೆ ನುಸಿ ಇಲ್ಲವೆಂದು ಅರ್ಥವಲ್ಲ. ಪಶುವೈದ್ಯರು ಅದೇ ಪುಡಿಯನ್ನು ಒಂದು ಹನಿ ಎಣ್ಣೆಯಲ್ಲಿ ಕಲಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಮೊಟ್ಟೆ ಸಮೇತ ಸಿಕ್ಕಿಬೀಳುತ್ತವೆ.

ನುಸಿ ಇದ್ದರೆ ಎಷ್ಟು ತುರಿಸುತ್ತದೆ ಎಂಬುದನ್ನು ಒಬ್ಬ ಪಶುವೈದ್ಯ ಸ್ವತಃ ಅನುಭವಿಸಿ ನೋಡಿದ್ದಾನೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಬರ್ಟ್ ಲೋಪೆಜ್ ಬೆಕ್ಕಿನ ಕಿವಿಯ ನುಸಿಗಳನ್ನು ತನ್ನ ಕಿವಿಗೇ ಹಾಕಿಕೊಂಡ. ಅವು ಒಳಗೆ ಕೆರೆಯುತ್ತಾ ಓಡಾಡುವ ಸದ್ದು ಕೇಳಿಸಿತು, ರಾತ್ರಿಯಾದಂತೆ ತುರಿಕೆ ಜೋರಾಗಿ ನಿದ್ದೆ ಹಾರಿಹೋಯಿತು. ಸಾಲದೆಂಬಂತೆ ಪುಣ್ಯಾತ್ಮ ಅದನ್ನು ಒಟ್ಟು ಮೂರು ಬಾರಿ ಮಾಡಿದ. 1993ರಲ್ಲಿ ಅಲ್ಲಿನ ಪಶುವೈದ್ಯಕೀಯ ಪತ್ರಿಕೆಯಲ್ಲಿ ಈ ಅನುಭವ ಪ್ರಕಟವಾಯಿತು. ಮರುವರ್ಷ ಲೋಪೆಜ್‌ಗೆ ಇಗ್ ನೊಬೆಲ್ ಎಂಬ ನಗೆಯ ಪ್ರಶಸ್ತಿಯೂ ಬಂತು. ಸಾಮಾನ್ಯವಾಗಿ ಮನುಷ್ಯರ ಕಿವಿಯಲ್ಲಿ ಈ ನುಸಿ ನೆಲೆಯೂರುವುದಿಲ್ಲ. ಮನೆಯವರು ಹೆದರಬೇಕಿಲ್ಲ. ಆದರೆ ತಾಯಿಬೆಕ್ಕಿನಿಂದ ಮರಿಗೆ, ಮರಿಯಿಂದ ಒಡಹುಟ್ಟಿದ ಮರಿಗಳಿಗೆ, ಜೊತೆಗೆ ಮಲಗುವ ನಾಯಿಗೂ ಇದು ಸಲೀಸಾಗಿ ದಾಟುತ್ತದೆ.

ಮೊಟ್ಟೆಯಿಂದ ಮತ್ತೆ ಮೊಟ್ಟೆಯಿಡುವ ನುಸಿಯಾಗಲು ಸುಮಾರು ಮೂರು ವಾರ ಬೇಕು. ಚಿಕಿತ್ಸೆಯ ಲೆಕ್ಕಾಚಾರ ನಿಂತಿರುವುದು ಇದರ ಮೇಲೆಯೇ. ಹೆಚ್ಚಿನ ಔಷಧಿಗಳು ಮೊಟ್ಟೆಯನ್ನು ಕೊಲ್ಲುವುದಿಲ್ಲ. ನಾಲ್ಕು ದಿನ ಹನಿ ಹಾಕಿ, ತುರಿಕೆ ತಗ್ಗಿತೆಂದು ನಿಲ್ಲಿಸಿದರೆ ಉಳಿದ ಮೊಟ್ಟೆಗಳು ಒಡೆದು ತಿಂಗಳೊಳಗೆ ಕಥೆ ಮೊದಲಿಗೆ ಬರುತ್ತದೆ. ಇನ್ನೊಂದು ಪೇಚೂ ಇದೆ. ಬೆಕ್ಕು ಸುರುಳಿ ಸುತ್ತಿ ಮಲಗಿದಾಗ ಕಿವಿ ಬಾಲಕ್ಕೆ ತಾಗುವುದರಿಂದ ಕೆಲವು ನುಸಿಗಳು ಕುತ್ತಿಗೆಗೆ, ಬಾಲದ ಬುಡಕ್ಕೆ ಹೋಗಿ ಕೂತಿರುತ್ತವೆ. ಕಿವಿಗಷ್ಟೇ ಹಾಕಿದ ಮದ್ದು ಅವುಗಳನ್ನು ಮುಟ್ಟುವುದಿಲ್ಲ.

ಅದಕ್ಕೇ ಈಗ ವೈದ್ಯರು ಚರ್ಮದ ಮೇಲೆ ಬಿಡುವ ಸೆಲಮೆಕ್ಟಿನ್‌ನಂಥ ಹನಿಗಳನ್ನು ಹೆಚ್ಚಾಗಿ ನೆಚ್ಚುತ್ತಾರೆ. ಎಂಟು ವಾರ ತುಂಬಿದ ಮರಿಗಳಿಗೆ ಇದನ್ನು ಕೊಡಬಹುದು. ಎರಡೂವರೆ ಕಿಲೋದವರೆಗಿನ ಬೆಕ್ಕಿಗೆ 15 ಮಿಲಿಗ್ರಾಂನ ಪುಟ್ಟ ಟ್ಯೂಬು ಸಾಕು. ಮರಿ ನೆಕ್ಕಲಾಗದಂತೆ ಹೆಗಲ ಮೂಳೆಗಳ ಮುಂದೆ, ಕತ್ತಿನ ಹಿಂಭಾಗದಲ್ಲಿ ಕೂದಲು ಬಿಡಿಸಿ ಬಿಡಬೇಕು. ಕೆರೆದು ಗಾಯವಾದ ಜಾಗವನ್ನು ಬಿಟ್ಟು ಗಟ್ಟಿ ಚರ್ಮ ಇರುವಲ್ಲಿ ಹಾಕಬೇಕು. ಮದ್ದು ರಕ್ತಕ್ಕೆ ಸೇರಿ ಸುಮಾರು ಒಂದು ತಿಂಗಳು ಉಳಿಯುವುದರಿಂದ, ಈಗಿನ ಮೊಟ್ಟೆಗಳು ಒಡೆದು ಹೊರಬಂದ ಮರಿನುಸಿಗಳೂ ಬದುಕುವುದಿಲ್ಲ. ಹಲವು ಸಂದರ್ಭಗಳಲ್ಲಿ ಒಂದು ಸಲ ಸಾಕಾಗುತ್ತದೆ. ಕೆಲವೊಮ್ಮೆ ತಿಂಗಳ ನಂತರ ಎರಡನೆಯದು ಬೇಕಾಗುತ್ತದೆ. ಮನೆಯ ಉಳಿದ ಬೆಕ್ಕು-ನಾಯಿಗಳಿಗೂ, ಅವು ಕೆರೆದುಕೊಳ್ಳದಿದ್ದರೂ, ಅದೇ ಹೊತ್ತಿಗೆ ಚಿಕಿತ್ಸೆ ಆಗಬೇಕು.

ನುಸಿಗಿಂತ ಅದಕ್ಕೆ ಹಾಕುವ ಮದ್ದಿನಿಂದ ಮರಿಗೆ ಹೆಚ್ಚು ಅಪಾಯ ಆಗುವುದೂ ಉಂಟು. ನಮ್ಮಲ್ಲಿ ಸುಲಭವಾಗಿ ಸಿಗುವುದು ದನಕರುಗಳಿಗೆ ಬಳಸುವ ಶೇ. 1ರ ಐವರ್ಮೆಕ್ಟಿನ್ ಇಂಜೆಕ್ಷನ್. ಅದರ ಒಂದು ಎಂ.ಎಲ್.ನಲ್ಲಿ 10 ಮಿಲಿಗ್ರಾಂ ಮದ್ದಿರುತ್ತದೆ. ವೈದ್ಯರು ಬೆಕ್ಕಿಗೆ ಕೊಡುವುದು ಕಿಲೋಗೆ 0.2 ಮಿಲಿಗ್ರಾಂನ ಆಸುಪಾಸು. ಅಂದರೆ 700 ಗ್ರಾಂ ತೂಗುವ ಮರಿಗೆ 0.14 ಮಿಲಿಗ್ರಾಂ, ಸಿರಿಂಜಿನಲ್ಲಿ 0.014 ಎಂ.ಎಲ್. ಸಾಮಾನ್ಯ ಸಿರಿಂಜಿನಲ್ಲಿ ಅಷ್ಟನ್ನು ಅಳೆಯುವುದೇ ಅಸಾಧ್ಯ. ‘ಸ್ವಲ್ಪವೇ ಸ್ವಲ್ಪ’ ಎಂದು 0.1 ಎಂ.ಎಲ್. ಎಳೆದರೂ ಏಳು ಪಟ್ಟು ಹೆಚ್ಚಾಯಿತು. ಎಳೆಯ ಮರಿಯಲ್ಲಿ ರಕ್ತದಿಂದ ಮಿದುಳಿಗೆ ವಿಷ ಹೋಗದಂತೆ ತಡೆಯುವ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ. ಕಣ್ಣಪಾಪೆ ಅಗಲವಾಗುವುದು, ತೂರಾಡುವುದು, ನಡುಕ, ಎಚ್ಚರ ತಪ್ಪುವುದು ಅದರ ಲಕ್ಷಣಗಳು.

ನಾಯಿಗಳ ಉಣ್ಣೆಗೆ ಮಾರುವ ಪರ್ಮೆಥ್ರಿನ್ ಹನಿ ಮತ್ತು ಪುಡಿಗಳನ್ನಂತೂ ಬೆಕ್ಕಿನ ಹತ್ತಿರವೇ ತರಬಾರದು. ನಾಯಿಯ ಪಿತ್ತಜನಕಾಂಗ ಒಡೆದು ಹೊರಹಾಕುವ ಈ ವಸ್ತುವನ್ನು ಬೆಕ್ಕಿನದು ಸರಿಯಾಗಿ ಒಡೆಯಲಾರದು. ಕೆಲವೇ ಗಂಟೆಗಳಲ್ಲಿ ಮೈ ಅದುರಿ ಸೆಳೆತ ಬರುತ್ತದೆ. ಕರ್ಪೂರ, ಟೀ ಟ್ರೀ ಎಣ್ಣೆ, ಸೀಮೆಎಣ್ಣೆ, ಫೀನಾಲ್ ಜಾತಿಯ ಸೋಂಕುನಾಶಕಗಳೂ ಬೆಕ್ಕಿಗೆ ಆಗಿಬರುವುದಿಲ್ಲ. ಕೊಬ್ಬರಿ ಎಣ್ಣೆ ಇಷ್ಟು ಕ್ರೂರವಲ್ಲ. ಗುಗ್ಗೆಯನ್ನು ಮೆದುವಾಗಿಸುತ್ತದೆ, ಕೆಲವು ನುಸಿಗಳನ್ನು ಉಸಿರುಗಟ್ಟಿಸುತ್ತದೆ. ಆದರೆ ಅದೊಂದನ್ನೇ ನಂಬಿದರೆ ರೋಗ ಪೂರ್ತಿ ಹೋಗುವುದಿಲ್ಲ. ತಮಟೆ ಹರಿದಿದೆಯೇ ಎಂದು ವೈದ್ಯರು ನೋಡುವ ಮುನ್ನ ಕಿವಿಯೊಳಗೆ ಏನನ್ನೂ ಸುರಿಯದಿರುವುದೇ ಮೇಲು. ಹರಿದ ತಮಟೆ ದಾಟಿ ಒಳಗಿಳಿದ ಕೆಲವು ಔಷಧಿಗಳು ಕಿವುಡು ತರಬಲ್ಲವು.

ತಮಟೆ ಸರಿಯಿದೆ ಎಂದಾದರೆ ಶುಚಿಗೊಳಿಸುವುದು ಕಷ್ಟದ ಕೆಲಸವೇನಲ್ಲ. ಮರಿಯನ್ನು ಟವೆಲಿನಲ್ಲಿ ಸುತ್ತಿ, ವೈದ್ಯರು ಕೊಟ್ಟ ದ್ರವವನ್ನು ಕೆಲವು ಹನಿ ಬಿಟ್ಟು, ಕಿವಿಯ ಬುಡವನ್ನು ಅರ್ಧ ನಿಮಿಷ ಮೆಲ್ಲಗೆ ನೀವಿ ಬಿಟ್ಟರೆ ಅದೇ ತಲೆ ಒದರಿ ಕೊಳೆಯನ್ನು ಮೇಲೆ ತರುತ್ತದೆ. ಕಣ್ಣಿಗೆ ಕಾಣುವಷ್ಟನ್ನು ಹತ್ತಿಯಿಂದ ಒರೆಸಿದರಾಯಿತು. ಇಯರ್‌ಬಡ್ ತೂರಿಸಿದರೆ ಕೊಳೆ ಇನ್ನಷ್ಟು ಒಳಕ್ಕೆ ಹೋಗುತ್ತದೆ. ಕುತ್ತಿಗೆಯ ಗಾಯಗಳಿಗೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಬೆರೆಸಿ ಒರೆಸಿದರೆ ಸಾಕು. ಹಿಂಗಾಲಿನ ಉಗುರಿನ ಚೂಪು ತುದಿಯನ್ನಷ್ಟೇ ಕತ್ತರಿಸಿದರೆ ಕೆರೆತದ ಹಾನಿ ಅರ್ಧ ತಗ್ಗುತ್ತದೆ. ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು.

ಇಷ್ಟಾದರೂ ಎರಡು-ಮೂರು ವಾರದಲ್ಲಿ ತುರಿಕೆ ತಗ್ಗದಿದ್ದರೆ ರೋಗವೇ ಬೇರೆಯಿರಬಹುದು. ಕಿವಿಯ ಅಂಚಿನಿಂದಲೇ ದಪ್ಪ ಬೂದು ಹಕ್ಕಳೆ ಶುರುವಾಗಿ ಮುಖಕ್ಕೆ, ಕುತ್ತಿಗೆಗೆ ಇಳಿಯುತ್ತಿದ್ದರೆ ಅದು ಚರ್ಮ ಕೊರೆಯುವ ಬೇರೊಂದು ನುಸಿಯ ಕಜ್ಜಿ. ಅದು ಮನುಷ್ಯರಿಗೂ ಸ್ವಲ್ಪ ದಿನ ತುರಿಕೆ ಹತ್ತಿಸಬಲ್ಲದು. ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿಯ ಶಂಕೆ. ಕಿವಿಯಿಂದ ಹಳದಿ ಕೀವು, ದುರ್ವಾಸನೆ ಬಂದರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಮರಿ ತಲೆಯನ್ನು ಒಂದೇ ಕಡೆಗೆ ವಾಲಿಸಿ ಸುತ್ತುತ್ತಿದ್ದರೆ ಅಥವಾ ಕೆರೆದು ಕೆರೆದು ಕಿವಿಯ ಹಾಳೆ ರಕ್ತ ತುಂಬಿ ಊದಿಕೊಂಡಿದ್ದರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು.