ಎಷ್ಟು ಷೇರು ಎಂಬುದನ್ನು ಸ್ಟಾಪ್‌ಲಾಸ್ ಹೇಳಲಿ

ಚಾರ್ಟ್ ನೋಡಿ ಷೇರು ಕೊಳ್ಳುವವರು ಯಾವ ಷೇರು, ಯಾವ ಬೆಲೆಗೆ ಎಂಬುದಕ್ಕೆ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಎಷ್ಟು ಷೇರು ಎಂಬುದನ್ನು ಮಾತ್ರ ಅರೆಕ್ಷಣದಲ್ಲಿ ತೀರ್ಮಾನಿಸಿಬಿಡುತ್ತಾರೆ. ಖಾತೆಯಲ್ಲಿ ಇದ್ದಷ್ಟು ದುಡ್ಡಿಗೆ, ಇಲ್ಲವೇ ನೂರು ಎಂಬ ದುಂಡು ಸಂಖ್ಯೆಗೆ ಆರ್ಡರ್ ಹೋಗುತ್ತದೆ. ಅದಾದ ಮೇಲೆ, ಇಷ್ಟಕ್ಕಿಂತ ಹೆಚ್ಚು ಕಳೆದುಕೊಳ್ಳಲು ಮನಸ್ಸು ಒಪ್ಪದು ಎಂದು ಸ್ಟಾಪ್‌ಲಾಸ್ ಅನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಕೆಲಸ ತಲೆಕೆಳಗಾಗುವುದು ಇಲ್ಲೇ. ಸ್ಟಾಪ್‌ಲಾಸ್ ಎಲ್ಲಿರಬೇಕೆಂದು ಹೇಳಬೇಕಾದದ್ದು ಚಾರ್ಟ್, ನಮ್ಮ ಜೇಬಲ್ಲ. ಜೇಬಿಗೆ ತಕ್ಕಂತೆ ಬದಲಾಗಬೇಕಾದದ್ದು ಷೇರುಗಳ ಸಂಖ್ಯೆ.

ಲೆಕ್ಕ ಸರಳ. ಈ ವ್ಯವಹಾರ ಕೆಟ್ಟರೆ ಖಾತೆಯಲ್ಲಿ ಎಷ್ಟು ಹೋಗಬಹುದು ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹೆಚ್ಚಿನವರು ಶೇಕಡಾ 1 ಇಟ್ಟುಕೊಳ್ಳುತ್ತಾರೆ. ಆ ಮೊತ್ತವನ್ನು ಕೊಳ್ಳುವ ಬೆಲೆಗೂ ಸ್ಟಾಪ್‌ಲಾಸ್‌ಗೂ ಇರುವ ಅಂತರದಿಂದ ಭಾಗಿಸಿದರೆ ಬರುವುದೇ ಷೇರುಗಳ ಸಂಖ್ಯೆ. ಇದನ್ನು ಒಂದು ನಿಜವಾದ ಷೇರಿನ ಮೇಲೆ ಇಟ್ಟು ನೋಡೋಣ. ಲೆಕ್ಕಕ್ಕೆ ಸಿಗದ ಭಾಗವೂ ಅಲ್ಲೇ ಕಾಣುತ್ತದೆ.

2024ರ ಜನವರಿ ಮಧ್ಯದಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ ಷೇರು ₹1,680ರ ಆಸುಪಾಸಿನಲ್ಲಿತ್ತು. (2025ರ ಆಗಸ್ಟ್‌ನಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿದ್ದರಿಂದ ಇಂದಿನ ಚಾರ್ಟ್‌ನಲ್ಲಿ ಆ ಬೆಲೆ ಅರ್ಧವಾಗಿ ಕಾಣುತ್ತದೆ.) ₹3 ಲಕ್ಷದ ಖಾತೆಯುಳ್ಳ ಒಬ್ಬರು ₹1,675ಕ್ಕೆ ಕೊಂಡರು, ಚಾರ್ಟ್‌ನಲ್ಲಿ ತಾವು ಗುರುತಿಸಿದ ಆಸರೆಯ ಮಟ್ಟದ ಕೆಳಗೆ, ₹1,640ಕ್ಕೆ ಸ್ಟಾಪ್‌ಲಾಸ್ ಇಟ್ಟರು ಎಂದುಕೊಳ್ಳಿ. ಅಂತರ ₹35. ಶೇಕಡಾ 1 ಎಂದರೆ ₹3,000. ಭಾಗಿಸಿದರೆ 85 ಚಿಲ್ಲರೆ. ಚಿಲ್ಲರೆಯನ್ನು ಯಾವಾಗಲೂ ಕೆಳಕ್ಕೇ ಬಿಡಬೇಕು, ಹಾಗಾಗಿ 85 ಷೇರು. ಕಟ್ಟುನಿಟ್ಟಿನವರು ಖರ್ಚನ್ನೂ ಸೇರಿಸುತ್ತಾರೆ: ಡೆಲಿವರಿಯಲ್ಲಿ ಕೊಂಡರೂ ಮಾರಿದರೂ ಶೇಕಡಾ 0.1ರಂತೆ ಎಸ್‌ಟಿಟಿ ಇರುವುದರಿಂದ ಅದೊಂದೇ ಇಲ್ಲಿ ಸುಮಾರು ₹280 ಆಗುತ್ತದೆ.

ಈಗ ಹೊರಗಿನಿಂದ ನೋಡಿದರೆ 85 ಷೇರಿಗೆ ₹1,42,375 ಹೂಡಿದಂತಾಯಿತು, ಖಾತೆಯ ಅರ್ಧಕ್ಕೆ ಸ್ವಲ್ಪ ಕಡಿಮೆ. ಆದರೆ ಅಪಾಯಕ್ಕೊಡ್ಡಿದ್ದು ಬರೀ ₹3,000. ಹೂಡಿದ ಮೊತ್ತ ಬೇರೆ, ಒಡ್ಡಿದ ಮೊತ್ತ ಬೇರೆ ಎಂಬುದು ತಿಳಿದರೆ ಈ ವಿದ್ಯೆಯ ಮುಕ್ಕಾಲು ಪಾಲು ತಿಳಿದಂತೆ.

ಉಳಿದ ಕಾಲು ಭಾಗವನ್ನು ಜನವರಿ 17 ಕಲಿಸಿತು. ಬ್ಯಾಂಕು ಹಿಂದಿನ ದಿನ ತ್ರೈಮಾಸಿಕ ಫಲಿತಾಂಶ ಪ್ರಕಟಿಸಿತ್ತು, ಮಾರುಕಟ್ಟೆಗೆ ಅದು ರುಚಿಸಲಿಲ್ಲ. ಬೆಳಿಗ್ಗೆ ಷೇರು ₹1,600ಕ್ಕಿಂತ ಕೆಳಗೇ ತೆರೆಯಿತು, ದಿನದ ಕೊನೆಗೆ ಶೇಕಡಾ 8ಕ್ಕೂ ಹೆಚ್ಚು ಕುಸಿದಿತ್ತು. ₹1,640ರ ಬೆಲೆ ಆ ದಿನ ಬರಲೇ ಇಲ್ಲ. ಸ್ಟಾಪ್‌ಲಾಸ್ ಎಂದರೆ ಆ ಬೆಲೆ ಮುಟ್ಟಿದಾಗ ಎಚ್ಚರಗೊಳ್ಳುವ ಆರ್ಡರ್ ಅಷ್ಟೇ, ಆ ಬೆಲೆಯೇ ಸಿಗುತ್ತದೆಂಬ ಭರವಸೆ ಅಲ್ಲ. ₹1,570ಕ್ಕೆ ಮಾರಾಟವಾಯಿತು ಎಂದು ಹಿಡಿದರೆ ಷೇರಿಗೆ ₹105 ನಷ್ಟ, ಒಟ್ಟು ₹8,925. ಅಂದುಕೊಂಡದ್ದರ ಮೂರು ಪಟ್ಟು. ಮಿತಿ ಬೆಲೆ ಹಾಕಿದ ಸ್ಟಾಪ್‌ಲಾಸ್ ಆಗಿದ್ದರೆ ಅದೂ ಮಾರಾಟವಾಗದೆ ಹಾಗೇ ನೇತಾಡುತ್ತಿತ್ತು.

ಇದೇ ಷೇರನ್ನು ಇನ್ನೊಬ್ಬರು ಕೊಂಡರು, ಆದರೆ ಸ್ಟಾಪ್‌ಲಾಸ್ ಅನ್ನು ಕೇವಲ ₹10 ಕೆಳಗೆ ಇಟ್ಟರು ಎನ್ನೋಣ. ಸೂತ್ರ ಅವರಿಗೆ 300 ಷೇರು ಎನ್ನುತ್ತದೆ, ಅಂದರೆ ₹5 ಲಕ್ಷಕ್ಕೂ ಮೇಲೆ. ಅಷ್ಟು ದುಡ್ಡಿಲ್ಲ, ಇದ್ದದ್ದೆಲ್ಲ ಸುರಿದು 179 ಷೇರು ಕೊಂಡರು. ಕಾಗದದ ಮೇಲೆ ಅವರ ಅಪಾಯ ₹1,790, ಮೊದಲಿನವರಿಗಿಂತ ಕಡಿಮೆ. ಜನವರಿ 17ರ ಬೆಳಿಗ್ಗೆ ಹೋದದ್ದು ₹18,795, ಖಾತೆಯ ಶೇಕಡಾ 6ಕ್ಕಿಂತ ಹೆಚ್ಚು. ಸ್ಟಾಪ್‌ಲಾಸ್ ಹತ್ತಿರವಾದಷ್ಟೂ ಷೇರು ಹೆಚ್ಚುತ್ತದೆ, ಷೇರು ಹೆಚ್ಚಿದಷ್ಟೂ ರಾತ್ರೋರಾತ್ರಿ ಬೀಳುವ ಹೊಡೆತ ಹಿಗ್ಗುತ್ತದೆ. ಬಿಗಿ ಸ್ಟಾಪ್‌ಲಾಸ್ ಸುರಕ್ಷಿತ ಎಂದು ಹೇಳಿಕೊಡುವವರು ಇದನ್ನು ಯಾಕೋ ಹೇಳುವುದಿಲ್ಲ.

ಹತ್ತಿರದ ಸ್ಟಾಪ್‌ಲಾಸ್‌ಗೆ ಇನ್ನೊಂದು ರೋಗವೂ ಇದೆ. ದಿನಕ್ಕೆ ₹25 ಏರಿಳಿಯುವ ಷೇರಿಗೆ ₹10ರ ಸ್ಟಾಪ್‌ಲಾಸ್ ಇಟ್ಟರೆ, ನಮ್ಮ ಅಂದಾಜು ತಪ್ಪದಿದ್ದರೂ ಮಾಮೂಲಿ ಓಲಾಟವೇ ನಮ್ಮನ್ನು ಹೊರಹಾಕುತ್ತದೆ. ಆ ಓಲಾಟ ಎಷ್ಟೆಂದು ಅಳೆಯಲು ವೆಲ್ಸ್ ವೈಲ್ಡರ್ 1978ರ ತಮ್ಮ ಪುಸ್ತಕದಲ್ಲಿ ಕೊಟ್ಟ ಎಟಿಆರ್ ಎಂಬ ಅಳತೆ ಇಂದು ಎಲ್ಲ ಚಾರ್ಟ್ ತಂತ್ರಾಂಶಗಳಲ್ಲೂ ಸಿಗುತ್ತದೆ. ಸ್ಟಾಪ್‌ಲಾಸ್‌ನ ಅಂತರ ಎಟಿಆರ್‌ಗಿಂತ ಕಡಿಮೆ ಇದ್ದರೆ ಅದು ಚಾರ್ಟ್ ಹೇಳಿದ ಜಾಗವಲ್ಲ, ನಮ್ಮ ಆಸೆ ಹೇಳಿದ ಜಾಗ ಎಂದು ಅನುಮಾನಿಸುವುದು ಒಳ್ಳೆಯದು.

ಹಾಗಾದರೆ ಗ್ಯಾಪ್‌ಗೆ ಮದ್ದೇನು? ಸೂತ್ರದ ಮೇಲೆ ಇನ್ನೊಂದು ಮಿತಿ. ಯಾವುದೇ ಒಂದು ಷೇರಿಗೆ ಖಾತೆಯ ಕಾಲು ಭಾಗಕ್ಕಿಂತ ಹೆಚ್ಚು ಹಾಕಬಾರದು ಎಂದು ಇಟ್ಟುಕೊಂಡರೆ ₹75,000ಕ್ಕೆ 44 ಷೇರು ಬರುತ್ತದೆ. ಸೂತ್ರ 85 ಎನ್ನುತ್ತದೆ, ಮಿತಿ 44 ಎನ್ನುತ್ತದೆ. ಎರಡರಲ್ಲಿ ಕಡಿಮೆಯದನ್ನೇ ತೆಗೆದುಕೊಳ್ಳಬೇಕು. ಆಗ ಅದೇ ಕೆಟ್ಟ ಬೆಳಿಗ್ಗೆ ₹4,620ರಲ್ಲಿ, ಶೇಕಡಾ ಒಂದೂವರೆಯಲ್ಲಿ ಮುಗಿಯುತ್ತಿತ್ತು. ಇನ್ನು, ಫಲಿತಾಂಶದ ದಿನಾಂಕವನ್ನು ಕಂಪನಿಗಳು ಮುಂಚಿತವಾಗಿಯೇ ತಿಳಿಸುತ್ತವೆ. ಆ ರಾತ್ರಿ ಕೈಯಲ್ಲಿ ಇಟ್ಟುಕೊಳ್ಳದಿರುವುದೂ ಒಂದು ಆಯ್ಕೆಯೇ.

ಮಿತಿಯನ್ನು ಷೇರು ಷೇರಿಗೂ ಪ್ರತ್ಯೇಕವಾಗಿ ಹಾಕಿ ನೆಮ್ಮದಿಯಾಗಿರುವುದೂ ಸಾಲದು. ಮೂರು ಬ್ಯಾಂಕ್ ಷೇರುಗಳಲ್ಲಿ ಶೇಕಡಾ 1ರಂತೆ ಒಡ್ಡಿದರೆ ಅದು ಮೂರು ಬೇರೆ ಬೇರೆ ಅಪಾಯವಲ್ಲ, ಹೆಚ್ಚುಕಡಿಮೆ ಶೇಕಡಾ 3ರ ಒಂದೇ ಅಪಾಯ. ಲೋಕಸಭಾ ಚುನಾವಣೆಯ ಫಲಿತಾಂಶ ಬಂದ 2024ರ ಜೂನ್ 4ರಂದು ನಿಫ್ಟಿ ಶೇಕಡಾ 6ರ ಹತ್ತಿರ ಕುಸಿದಾಗ ಬ್ಯಾಂಕುಗಳೆಲ್ಲ ಒಟ್ಟಿಗೇ ಬಿದ್ದವು.

ಶೇಕಡಾ 1 ತೀರಾ ಜುಗ್ಗತನ ಎನ್ನುವವರು ಸತತ ಹತ್ತು ಸೋಲಿನ ಲೆಕ್ಕ ಹಾಕಿ ನೋಡಬೇಕು. ಪ್ರತಿ ಸಲವೂ ಉಳಿದ ಹಣದ ಶೇಕಡಾ 1 ಕಳೆದುಕೊಂಡರೆ ₹3 ಲಕ್ಷದಲ್ಲಿ ಸುಮಾರು ₹2,71,000 ಉಳಿಯುತ್ತದೆ. ಶೇಕಡಾ 5ರಂತೆ ಹೋದರೆ ಉಳಿಯುವುದು ₹1,80,000ಕ್ಕೂ ಸ್ವಲ್ಪ ಕಡಿಮೆ. ಅಲ್ಲಿಂದ ಮೊದಲಿನ ಜಾಗಕ್ಕೆ ಬರಲು ಶೇಕಡಾ 67 ಲಾಭ ಬೇಕು. ಹತ್ತು ಸೋಲು ಸಾಲಾಗಿ ಬರುವುದು ಈ ಬಜಾರಿನಲ್ಲಿ ಅಪರೂಪವೇನಲ್ಲ.

ಷೇರಿನಲ್ಲಾದರೆ ಒಂದೊಂದಾಗಿ ಕಡಿಮೆ ಮಾಡಬಹುದು. ಫ್ಯೂಚರ್ಸ್‌ನಲ್ಲಿ ಆ ಅನುಕೂಲ ಇಲ್ಲ, ಕೊಂಡರೆ ಇಡೀ ಲಾಟ್ ಕೊಳ್ಳಬೇಕು. ನಿಫ್ಟಿ ಲಾಟ್ 75 ಎಂದು ಹಿಡಿಯಿರಿ, ಎಕ್ಸ್‌ಚೇಂಜ್ ಈ ಸಂಖ್ಯೆಯನ್ನು ಆಗಾಗ ಬದಲಿಸುತ್ತದೆ. ಚಾರ್ಟ್ 150 ಅಂಶದ ಸ್ಟಾಪ್‌ಲಾಸ್ ಕೇಳಿದರೆ ಒಂದೇ ಲಾಟ್‌ಗೆ ಒಡ್ಡುವುದು ₹11,250. ಅದು ಶೇಕಡಾ 1 ಆಗಬೇಕಾದರೆ ಖಾತೆಯಲ್ಲಿ ₹11,25,000 ಇರಬೇಕು. ₹3 ಲಕ್ಷದ ಖಾತೆಗೆ ಸೂತ್ರ ಕೊಡುವ ಉತ್ತರ ಸೊನ್ನೆ ಲಾಟ್. ಮಾರ್ಜಿನ್ ಸಾಕಾಗುವಷ್ಟಿದ್ದರೆ ಬ್ರೋಕರ್ ಆ್ಯಪ್ ಆರ್ಡರ್ ತೆಗೆದುಕೊಂಡೇಬಿಡುತ್ತದೆ, ಬೇಡ ಎನ್ನುವುದಿಲ್ಲ. ಹಾಗೆಂದು ಸ್ಟಾಪ್‌ಲಾಸ್ ಅನ್ನು 40 ಅಂಶಕ್ಕೆ ಎಳೆದು ಲಾಟ್ ಹಿಡಿಸಲು ಹೋಗಬೇಡಿ. ಸೊನ್ನೆ ಬಂದರೆ ಆ ದಿನ ಆ ವ್ಯವಹಾರ ನಿಮ್ಮದಲ್ಲ.