ಚಿನ್ನಕ್ಕೆ ಕಟ್ಟಿಹಾಕಿದ ಪೌಂಡು

1931ರ ಕೊನೆಗೆ ಮುಂಬಯಿ ಬಂದರಿನಲ್ಲಿ ಒಂದು ಸೋಜಿಗ ನಡೆಯಿತು. ಶತಮಾನಗಳಿಂದ ಚಿನ್ನವನ್ನು ಒಳಗೆಳೆದುಕೊಳ್ಳುತ್ತಿದ್ದ ನಮ್ಮ ದೇಶದಿಂದ ಚಿನ್ನ ಹಡಗು ಹತ್ತಿ ಲಂಡನ್ನಿಗೆ ಹೊರಟಿತು. ಇದರ ಬೇರು ಇಂಗ್ಲೆಂಡಿನಲ್ಲಿದೆ.

1752ರಲ್ಲಿ ಡೇವಿಡ್ ಹ್ಯೂಮ್ ಒಂದು ಸರಳ ಲೆಕ್ಕ ಹೇಳಿದ್ದ. ಮಾರುವುದಕ್ಕಿಂತ ಹೆಚ್ಚು ಕೊಳ್ಳುವ ದೇಶ ವ್ಯತ್ಯಾಸವನ್ನು ಚಿನ್ನದಲ್ಲಿ ತೀರಿಸಬೇಕು. ಚಿನ್ನವೇ ಹಣವಾದ್ದರಿಂದ ಅಲ್ಲಿ ಹಣ ಕಡಿಮೆಯಾಗಿ ಬೆಲೆ ಇಳಿಯುತ್ತದೆ. ಆಗ ಅದರ ಸರಕು ಹೊರಗಿನವರಿಗೆ ಅಗ್ಗವಾಗಿ, ಚಿನ್ನ ಮರಳಿ ಬರುತ್ತದೆ. ಚಿನ್ನ ಪಡೆದ ದೇಶದಲ್ಲಿ ಇದರ ತಿರುವುಮುರುವು. ಯಾರೂ ಕೈಹಾಕಬೇಕಿಲ್ಲ, ಎಲ್ಲ ತಾನಾಗಿ ಸರಿಹೋಗುತ್ತದೆ.

ಕಾಗದದ ಮೇಲೆ ಸೊಗಸಾಗಿದೆ. ಆದರೆ 'ಬೆಲೆ ಇಳಿಯುತ್ತದೆ' ಎಂಬ ಮಾತಿನೊಳಗೆ ಜನರ ಸಂಬಳವೂ ಅಡಗಿದೆ.

ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ ಚಿನ್ನದ ನಂಟನ್ನು ಬಿಟ್ಟಿತ್ತು. 1925ರ ಏಪ್ರಿಲಿನಲ್ಲಿ ಹಣಕಾಸು ಸಚಿವ ಚರ್ಚಿಲ್ ಯುದ್ಧಪೂರ್ವದ ದರಕ್ಕೇ ಮರಳಿದರು: ಪೌಂಡಿಗೆ 4.86 ಡಾಲರ್. ಹಿಂದಿನ ವರ್ಷ ಪೌಂಡು ಸುಮಾರು 4.40ಕ್ಕೆ ನಡೆಯುತ್ತಿತ್ತು. ಒಂದು ಟನ್ ಕಲ್ಲಿದ್ದಲಿನ ಬೆಲೆ ಒಂದು ಪೌಂಡು, ಅಂದರೆ 20 ಷಿಲಿಂಗ್, ಎಂದುಕೊಳ್ಳಿ. ಹೊರಗಿನವರಿಗೆ ಅದು ಹಳೆಯ ಡಾಲರ್ ಬೆಲೆಗೇ ಸಿಗಬೇಕಾದರೆ ಈಗ 18 ಷಿಲಿಂಗಿಗೆ ಮಾರಬೇಕು. ಆ ಎರಡು ಷಿಲಿಂಗ್ ಎಲ್ಲಿಂದ ಬರಬೇಕು? ಗಣಿ ಮಾಲೀಕರು ಕೂಲಿಗೆ ಕೈಹಾಕಿದರು. 1926ರ ಮೇ ತಿಂಗಳಲ್ಲಿ ದೇಶವೇ ಒಂಬತ್ತು ದಿನ ಮುಷ್ಕರ ಹೂಡಿತು. ಗಣಿ ಕಾರ್ಮಿಕರು ಆರು ತಿಂಗಳಿಗೂ ಹೆಚ್ಚು ಕಾಲ ಹೊರಗುಳಿದು ಸೋತರು. ಒಟ್ಟಾರೆ ದೇಶದಲ್ಲಿ ಕೂಲಿ ಬೇಕಾದಷ್ಟು ಇಳಿಯಲಿಲ್ಲ, ನಿರುದ್ಯೋಗವಂತೂ ಉಳಿಯಿತು. ದರ ದುಬಾರಿಯಾಯಿತೆಂದು ಕೇನ್ಸ್ ಆಗಲೇ ಕೂಗಿ ಹೇಳಿದ್ದರು.

ಇನ್ನೊಂದು ತುದಿಯೂ ಕೆಲಸ ಮಾಡಲಿಲ್ಲ. ಚಿನ್ನ ಸೇರುತ್ತಿದ್ದ ಫ್ರಾನ್ಸ್, ಅಮೆರಿಕಗಳು ಅದಕ್ಕೆ ತಕ್ಕಂತೆ ಹಣ ಹೆಚ್ಚಿಸಿ ತಮ್ಮ ಬೆಲೆ ಏರಲು ಬಿಡಬೇಕಿತ್ತು. ಅವು ಅದನ್ನು ತಿಜೋರಿಯಲ್ಲಿ ಇಟ್ಟು ಸುಮ್ಮನಾದವು. ಚಿನ್ನ ಕಳೆದುಕೊಂಡವನು ಬಗ್ಗಲೇಬೇಕು, ಪಡೆದವನಿಗೆ ಅಂಥ ಒತ್ತಡವಿಲ್ಲ. ಈ ವ್ಯವಸ್ಥೆಯ ದೊಡ್ಡ ದೋಷ ಇದೇ ಎಂದು ನನಗನ್ನಿಸುತ್ತದೆ.

ಬ್ಯಾಂಕ್ ಆಫ್ ಇಂಗ್ಲೆಂಡ್ ಕೈಯಲ್ಲಿ ಉಳಿದದ್ದು ಬಡ್ಡಿದರ. ಏರಿಸಿದರೆ ಚಿನ್ನ ನಿಲ್ಲಬಹುದು, ಆದರೆ ಸಾಲ ದುಬಾರಿಯಾಗಿ ಇನ್ನಷ್ಟು ಜನ ಕೆಲಸ ಕಳೆದುಕೊಳ್ಳುತ್ತಾರೆ. ಇಳಿಸಿದರೆ ಚಿನ್ನ ಹೋಗುತ್ತದೆ. 1931ರ ಜುಲೈಯಲ್ಲಿ ದರವನ್ನು ಶೇ. 2.5ರಿಂದ 4.5ಕ್ಕೆ ಏರಿಸಿದರೂ ಸೋರಿಕೆ ನಿಲ್ಲಲಿಲ್ಲ. ಸೆಪ್ಟೆಂಬರ್ 21ರಂದು ಬ್ರಿಟನ್ ಚಿನ್ನದ ಗಂಟು ಬಿಚ್ಚಿತು. ಪೌಂಡು ಕುಸಿಯಿತು, 1932ರ ಜೂನ್ ಹೊತ್ತಿಗೆ ಬಡ್ಡಿ ಶೇ. 2ಕ್ಕೆ ಇಳಿದಿತ್ತು.

ರೂಪಾಯಿಗೆ ಆ ಸ್ವಾತಂತ್ರ್ಯ ಸಿಗಲಿಲ್ಲ. ಅದನ್ನು 1 ಷಿಲಿಂಗ್ 6 ಪೆನ್ಸ್ ದರದಲ್ಲಿ ಪೌಂಡಿಗೇ ಕಟ್ಟಲಾಗಿತ್ತು. ಪೌಂಡಿನ ಜೊತೆ ಬಿದ್ದ ರೂಪಾಯಿಯಲ್ಲಿ ಚಿನ್ನದ ಬೆಲೆ ಏರಿತು. ಬೆಳೆಯ ಬೆಲೆಯೋ ಮೊದಲೇ ನೆಲಕಚ್ಚಿತ್ತು. ಕಂದಾಯ, ಸಾಲದ ಬಡ್ಡಿ ಕಟ್ಟಬೇಕಿದ್ದ ರೈತರು ಮನೆಯ ಬಳೆ, ಸರ ಮಾರಿದರು. ಕರಗಿಸಿದ ಆ ಗಟ್ಟಿಗಳೇ ಮುಂಬಯಿ ಬಂದರಿನಲ್ಲಿ ಹಡಗೇರಿದ್ದು.