ಅರುವತ್ತು ಸಾವಿರದ ಲಾಭ ಎಲ್ಲಿ ಹೋಯಿತು?

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಜುಲೈನಲ್ಲಿ ಇಂಟ್ರಾಡೇ ವಹಿವಾಟಿನ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. 2022-23ರಲ್ಲಿ ಹೀಗೆ ಕೊಂಡ ದಿನವೇ ಷೇರು ಮಾರುತ್ತಿದ್ದ ಹತ್ತು ಜನರಲ್ಲಿ ಏಳು ಮಂದಿ ನಷ್ಟ ಕಂಡಿದ್ದರು ಎಂಬುದು ಅದರ ಮುಖ್ಯಾಂಶ. ಅದೇ ವರದಿಯಲ್ಲಿ ಇನ್ನೊಂದು ಅಂಕಿಯಿತ್ತು. ಸೋತವರು ಸೋತದ್ದು ಸಾಲದೆಂಬಂತೆ, ಆ ನಷ್ಟದ ಶೇ 57ರಷ್ಟು ಹಣವನ್ನು ವಹಿವಾಟಿನ ಖರ್ಚಿಗೆ ಬೇರೆ ತೆತ್ತಿದ್ದರು. ಗೆದ್ದವರ ಲಾಭದಲ್ಲೂ ಶೇ 19ರಷ್ಟು ಇದೇ ದಾರಿ ಹಿಡಿದಿತ್ತು.

ಈ ಖರ್ಚನ್ನು ಮೊದಲೇ ಲೆಕ್ಕ ಹಾಕಬಹುದಾದ ಜಾಗವೊಂದಿದೆ. ಅದೇ ಬ್ಯಾಕ್‌ಟೆಸ್ಟ್. ಷೇರು ಕೊಳ್ಳುವ ಮತ್ತು ಮಾರುವ ನಿಯಮವೊಂದನ್ನು ಬರೆದು, ಹಳೆಯ ವರ್ಷಗಳ ಬೆಲೆಗಳ ಮೇಲೆ ಓಡಿಸಿ, ಆಗ ಹೀಗೆ ಮಾಡಿದ್ದರೆ ಎಷ್ಟು ಸಿಗುತ್ತಿತ್ತು ಎಂದು ನೋಡುವುದು ಇದರ ಕೆಲಸ. ಕಂಪ್ಯೂಟರಿನ ಪರದೆಯ ಮೇಲೆ ಲಾಭದ ಗೆರೆ ಮೇಲಕ್ಕೇರುತ್ತಾ ಹೋಗುತ್ತದೆ. ಖರ್ಚಿನ ಕಾಲಂನಲ್ಲಿ ಸೊನ್ನೆಯಿದ್ದರೆ ಆ ಗೆರೆಯನ್ನು ನಂಬುವಂತಿಲ್ಲ.

ಒಂದು ಲೆಕ್ಕವನ್ನೇ ಹಿಡಿದು ನೋಡಬಹುದು. 500 ರೂಪಾಯಿ ಬೆಲೆಯ ಷೇರು. ಬೆಳಗಿನ ಮೊದಲ ಹದಿನೈದು ನಿಮಿಷದ ಗರಿಷ್ಠ ಬೆಲೆಯನ್ನು ದಾಟಿದರೆ 200 ಷೇರು ಕೊಳ್ಳುವುದು, ಅದೇ ದಿನ ಮಾರುವುದು. ಅಂದರೆ ಪ್ರತಿ ಸಲ ಒಂದು ಲಕ್ಷ ರೂಪಾಯಿಯ ಖರೀದಿ. ಗೆದ್ದದ್ದು, ಸೋತದ್ದು ಎಲ್ಲವನ್ನೂ ಸೇರಿಸಿದರೆ ಷೇರಿಗೆ ಸರಾಸರಿ 60 ಪೈಸೆ ಉಳಿಯುತ್ತದೆ ಎಂದಿಟ್ಟುಕೊಂಡರೆ, ಒಂದು ವಹಿವಾಟಿಗೆ 120 ರೂಪಾಯಿ ಆಯಿತು. ವರ್ಷಕ್ಕೆ 500 ವಹಿವಾಟು ನಡೆದರೆ 60,000 ರೂಪಾಯಿ. ಲಕ್ಷದ ಬಂಡವಾಳಕ್ಕೆ ಶೇ 60ರ ಗಳಿಕೆ, ಕಾಗದದ ಮೇಲೆ.

ಈಗ ಖರ್ಚು. ಬೆಂಗಳೂರಿನ ಜೆರೋಧಾ ಸೇರಿದಂತೆ ರಿಯಾಯಿತಿ ದರದ ಬ್ರೋಕರ್‌ಗಳಲ್ಲಿ ಚಾಲ್ತಿಯಲ್ಲಿರುವ ಇಂಟ್ರಾಡೇ ಬ್ರೋಕರೇಜ್ ಎಂದರೆ ಮೊತ್ತದ ಶೇ 0.03 ಅಥವಾ 20 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಇಲ್ಲಿ ಕೊಳ್ಳಲು 20, ಮಾರಲು 20, ಒಟ್ಟು 40 ರೂಪಾಯಿ. ಷೇರು ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ, ಇಂಟ್ರಾಡೇಯಲ್ಲಿ ಮಾರುವಾಗ ಮಾತ್ರ ಬೀಳುತ್ತದೆ. ಲಕ್ಷಕ್ಕೆ 25 ರೂಪಾಯಿ. ವಿನಿಮಯ ಕೇಂದ್ರದ ಶುಲ್ಕ ಲಕ್ಷಕ್ಕೆ ಸುಮಾರು 3 ರೂಪಾಯಿಯಂತೆ ಎರಡೂ ಕಡೆ ಸೇರಿ 6. ಸ್ಟ್ಯಾಂಪ್ ಡ್ಯೂಟಿ ಕೊಳ್ಳುವಾಗ ಮಾತ್ರ, 3 ರೂಪಾಯಿ. ಸೆಬಿಯ ಶುಲ್ಕ ಕೋಟಿಗೆ 10 ರೂಪಾಯಿ, ಹಾಗಾಗಿ ಇಲ್ಲಿ ಬರೀ 20 ಪೈಸೆ. ಬ್ರೋಕರೇಜ್, ವಿನಿಮಯ ಕೇಂದ್ರದ ಶುಲ್ಕ, ಸೆಬಿ ಶುಲ್ಕ ಈ ಮೂರರ ಮೇಲೆ ಶೇ 18 ಜಿಎಸ್‌ಟಿ, ಸುಮಾರು 8 ರೂಪಾಯಿ 30 ಪೈಸೆ. ಎಲ್ಲ ಕೂಡಿದರೆ 82 ರೂಪಾಯಿ 50 ಪೈಸೆ.

120ರಲ್ಲಿ ಉಳಿದದ್ದು 37 ರೂಪಾಯಿ 50 ಪೈಸೆ. ವರ್ಷದ 60,000 ಈಗ 18,750 ಆಯಿತು.

ಇಷ್ಟಕ್ಕೇ ನಿಲ್ಲುವುದಿಲ್ಲ. ಇಲ್ಲಿಯವರೆಗಿನದು ಬಿಲ್ಲಿನಲ್ಲಿ ಕಾಣುವ ಖರ್ಚು; ಕಾಣದ ಖರ್ಚಿಗೆ ಪೇಟೆಯಲ್ಲಿ ಸ್ಲಿಪೇಜ್ ಎನ್ನುತ್ತಾರೆ. ಬ್ಯಾಕ್‌ಟೆಸ್ಟ್ ಸಾಮಾನ್ಯವಾಗಿ ಆ ನಿಮಿಷದ ಕೊನೆಯ ಬೆಲೆಯಲ್ಲೇ ಷೇರು ಸಿಕ್ಕಿತು ಎಂದು ಭಾವಿಸುತ್ತದೆ. ನಿಜದಲ್ಲಿ ಆತುರದಿಂದ ಕೊಳ್ಳುವವನು ಮಾರುವವನು ಕೇಳಿದ ಬೆಲೆ ಕೊಡಬೇಕು. ಆತುರದಿಂದ ಮಾರುವವನು ಕೊಳ್ಳುವವನು ಹೇಳಿದ ಬೆಲೆಗೆ ಒಪ್ಪಬೇಕು. ಬೆಳಗಿನ ಗರಿಷ್ಠ ಬೆಲೆ ದಾಟುವ ಕ್ಷಣದಲ್ಲಂತೂ ಅದೇ ನಿಯಮ ಹಿಡಿದ ಬೇರೆಯವರೂ ಮುಗಿಬೀಳುತ್ತಾರೆ. ಕೊಳ್ಳುವಾಗ 10 ಪೈಸೆ, ಮಾರುವಾಗ 10 ಪೈಸೆ ತಪ್ಪಿದರೂ 200 ಷೇರಿಗೆ 40 ರೂಪಾಯಿ ಹೋಯಿತು. ಉಳಿದಿದ್ದ 37 ರೂಪಾಯಿ 50 ಪೈಸೆಯನ್ನೂ ನುಂಗಿ, ಪ್ರತಿ ವಹಿವಾಟಿಗೆ ಎರಡೂವರೆ ರೂಪಾಯಿ ಕೈಯಿಂದ ಬಿತ್ತು. ವರ್ಷಕ್ಕೆ 1,250 ರೂಪಾಯಿ ನಷ್ಟ. ಷೇರಿನ ದಿಕ್ಕನ್ನು ಸರಿಯಾಗಿಯೇ ಊಹಿಸುತ್ತಿದ್ದ ನಿಯಮ ಇದು ಎಂಬುದನ್ನು ಮರೆಯಬಾರದು.

ಕೆಲವರು ಈ ತಲೆನೋವೇ ಬೇಡವೆಂದು ಪ್ರತಿ ವಹಿವಾಟಿಗೆ ಶೇ 0.05 ಎಂಬಂತೆ ಒಂದೇ ದರ ಹಾಕಿಬಿಡುತ್ತಾರೆ. 20 ರೂಪಾಯಿಯ ಮಿತಿ ಇರುವುದರಿಂದ ಅದು ಸರಿಹೋಗದು. ಮೇಲಿನ ದರಗಳಲ್ಲೇ 25,000 ರೂಪಾಯಿಯ ವಹಿವಾಟು ಮಾಡಿದರೆ ಖರ್ಚು ಲಕ್ಷಕ್ಕೆ 106 ರೂಪಾಯಿಯಂತೆ ಬೀಳುತ್ತದೆ. ಐದು ಲಕ್ಷದ್ದಾದರೆ ಲಕ್ಷಕ್ಕೆ 45 ರೂಪಾಯಿ ಮಾತ್ರ. ಹಾಗೆಂದು ಮೊತ್ತ ಹೆಚ್ಚಿಸಿ ಬಚಾವಾಗುವಂತೆಯೂ ಇಲ್ಲ. ದೊಡ್ಡ ಆರ್ಡರ್ ಮೊದಲ ಬೆಲೆಯಲ್ಲಿರುವ ಷೇರುಗಳನ್ನೆಲ್ಲ ಮುಗಿಸಿ ಮುಂದಿನ ಬೆಲೆಗೆ ಏರುತ್ತದೆ, ಸ್ಲಿಪೇಜ್ ಹೆಚ್ಚುತ್ತದೆ. ಆದ್ದರಿಂದ ಬಿಲ್ಲಿನ ಖರ್ಚನ್ನು ಬಾಬತ್ತು ಬಾಬತ್ತಾಗಿ ಲೆಕ್ಕ ಹಾಕಿ, ಸ್ಲಿಪೇಜನ್ನು ಬೇರೆಯಾಗಿಯೇ ಇಡಬೇಕು.

ಖರ್ಚನ್ನು ಯಾವಾಗ ಕಳೆಯಬೇಕು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಹಲವರು ಹತ್ತಾರು ನಿಯಮಗಳನ್ನು ಖರ್ಚಿಲ್ಲದೆ ಓಡಿಸಿ, ಅತಿ ಹೆಚ್ಚು ಲಾಭ ತೋರಿದ್ದನ್ನು ಆರಿಸಿಕೊಂಡು, ಕೊನೆಗೆ ಅದರಿಂದ ಖರ್ಚು ಕಳೆಯುತ್ತಾರೆ. ಅಷ್ಟರಲ್ಲಿ ಆಯ್ಕೆಯೇ ಕೆಟ್ಟಿರುತ್ತದೆ. ಮೇಲಿನ ನಿಯಮವನ್ನೇ ಸ್ವಲ್ಪ ಬಿಗಿ ಮಾಡಿ, ಬೆಲೆ ಸ್ಪಷ್ಟವಾಗಿ ಮೇಲೆದ್ದಾಗ ಮಾತ್ರ ಕೊಳ್ಳುವಂತೆ ಮಾಡಿದಾಗ ವರ್ಷಕ್ಕೆ 150 ವಹಿವಾಟು, ಪ್ರತಿಯೊಂದಕ್ಕೆ ಸರಾಸರಿ 250 ರೂಪಾಯಿ ಬಂತು ಎನ್ನೋಣ. ಖರ್ಚಿಲ್ಲದ ಪಟ್ಟಿಯಲ್ಲಿ ಇದರ ಲಾಭ 37,500 ರೂಪಾಯಿ; 60,000ದ ಎದುರು ಯಾರೂ ತಿರುಗಿ ನೋಡುವುದಿಲ್ಲ. ಒಂದೊಂದಕ್ಕೆ 122 ರೂಪಾಯಿ 50 ಪೈಸೆಯಂತೆ ಬಿಲ್ಲು ಮತ್ತು ಸ್ಲಿಪೇಜ್ ಕಳೆದ ಮೇಲೆ ಇದರಲ್ಲಿ 19,125 ರೂಪಾಯಿ ಉಳಿಯುತ್ತದೆ. ಮೊದಲಿನದು ನಷ್ಟದಲ್ಲಿರುತ್ತದೆ. ಖರ್ಚು ಹುಡುಕಾಟದ ಒಳಗೇ ಇರಬೇಕು ಎನ್ನುವುದು ಇದಕ್ಕೇ.

ದರಗಳು ಕಾಲಕಾಲಕ್ಕೆ ಬದಲಾಗುತ್ತವೆ. ಆಪ್ಷನ್ ಮಾರುವಾಗ ಪ್ರೀಮಿಯಂ ಮೇಲಿನ ಎಸ್‌ಟಿಟಿ 2023ರ ಏಪ್ರಿಲ್‌ನಲ್ಲಿ ಶೇ 0.05ರಿಂದ 0.0625ಕ್ಕೆ ಏರಿತು, 2024ರ ಅಕ್ಟೋಬರ್ 1ರಿಂದ ಶೇ 0.1 ಆಯಿತು. ಹಿಂದಿನ ವರ್ಷಗಳ ಬೆಲೆಗೆ ಯಾವ ದರ ಹಾಕಬೇಕು? ಆಗ ನಿಜಕ್ಕೂ ಎಷ್ಟು ಗಳಿಸಬಹುದಿತ್ತು ಎಂಬ ಕುತೂಹಲಕ್ಕೆ ಆಗಿನ ದರ ಸರಿ. ನಾಳೆ ಹಣ ಹಾಕಬೇಕೇ ಎಂದು ತೀರ್ಮಾನಿಸಲು ಎಲ್ಲ ವರ್ಷಕ್ಕೂ ಇಂದಿನ ದರವನ್ನೇ ಹಾಕಬೇಕು, ಏಕೆಂದರೆ ನಾಳೆ ಕಟ್ಟುವುದು ಅದನ್ನೇ.

ಆದಾಯ ತೆರಿಗೆಯನ್ನು ಪ್ರತಿ ವಹಿವಾಟಿಗೆ ಹಚ್ಚಲಾಗದು, ಅದು ವರ್ಷದ ಲೆಕ್ಕ. ಇಂಟ್ರಾಡೇ ಲಾಭವನ್ನು ಕಾನೂನು ಸಟ್ಟಾ ವ್ಯವಹಾರದ ಆದಾಯವೆಂದು ಪರಿಗಣಿಸಿ, ಉಳಿದ ಆದಾಯಕ್ಕೆ ಸೇರಿಸಿ, ಸ್ಲ್ಯಾಬ್‌ನಂತೆ ತೆರಿಗೆ ಹಾಕುತ್ತದೆ. ನಷ್ಟವಾದರೆ ಅದನ್ನು ಸಂಬಳದಿಂದ ಕಳೆಯುವಂತಿಲ್ಲ. ಇದೇ ಬಗೆಯ ಲಾಭದಿಂದ ಮಾತ್ರ ಕಳೆಯಬಹುದು, ಅದೂ ಮುಂದಿನ ನಾಲ್ಕು ವರ್ಷದೊಳಗೆ. ಶೇ 30ರ ಸ್ಲ್ಯಾಬ್‌ನಲ್ಲಿರುವವರು ಒಂದು ವರ್ಷ 50,000 ಗಳಿಸಿ ಮರುವರ್ಷ 50,000 ಕಳೆದುಕೊಂಡು ಕೈಬಿಟ್ಟರೆ, ಬ್ಯಾಕ್‌ಟೆಸ್ಟ್ ಸೊನ್ನೆ ತೋರಿಸುತ್ತದೆ. ಅವರ ಕೈಯಿಂದ ಮಾತ್ರ ಸೆಸ್ ಬಿಟ್ಟೇ 15,000 ಹೋಗಿರುತ್ತದೆ.

ಮಾದರಿ ಸರಿಯಿದೆಯೇ ಎಂದು ತಿಳಿಯಲು ಪುರಾವೆ ಪ್ರತಿಯೊಬ್ಬ ಹೂಡಿಕೆದಾರನ ಇಮೇಲ್‌ನಲ್ಲೇ ಇದೆ. ವಹಿವಾಟು ನಡೆದ ದಿನ ಬ್ರೋಕರ್ ಕಳಿಸುವ ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ಈ ಎಲ್ಲ ಬಾಬತ್ತುಗಳೂ ಬೇರೆ ಬೇರೆಯಾಗಿ ನಮೂದಾಗಿರುತ್ತವೆ. ಒಂದು ತಿಂಗಳು ಕಡಿಮೆ ಮೊತ್ತದಲ್ಲಿ ವಹಿವಾಟು ಮಾಡಿ, ಲೆಕ್ಕ ಹಾಕಿದ ಖರ್ಚನ್ನೂ ನೋಟಿನ ಖರ್ಚನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಪೈಸೆಗಳಲ್ಲಿರಬೇಕು. ರೂಪಾಯಿಗಳಲ್ಲಿದ್ದರೆ ಯಾವುದೋ ಬಾಬತ್ತು ತಪ್ಪಿದೆ. ಹೆಚ್ಚಾಗಿ ಜಿಎಸ್‌ಟಿಯನ್ನು ಬ್ರೋಕರೇಜ್ ಮೇಲೆ ಮಾತ್ರ ಹಾಕಿರುತ್ತಾರೆ, ಇಲ್ಲವೇ ಒಂದು ಆರ್ಡರನ್ನು ಹಲವು ತುಂಡು ಮಾಡಿದಾಗ ಪ್ರತಿ ಆರ್ಡರಿಗೂ ಬ್ರೋಕರೇಜ್ ಬೀಳುತ್ತದೆಂಬುದನ್ನು ಮರೆತಿರುತ್ತಾರೆ. ಅದೇ ನೋಟಿನಲ್ಲಿ ನಿಜವಾಗಿ ಸಿಕ್ಕ ಬೆಲೆಯೂ ಇರುತ್ತದೆ. ನಿಯಮ ಸೂಚಿಸಿದ ಬೆಲೆಯನ್ನು ಅದರ ಎದುರು ಬರೆದುಕೊಂಡರೆ ಸ್ಲಿಪೇಜ್ ಊಹೆಯಾಗಿ ಉಳಿಯದೆ ಅಳತೆಗೆ ಸಿಗುತ್ತದೆ, 10 ಪೈಸೆಯ ಜಾಗಕ್ಕೆ ಆ ಅಂಕಿಯನ್ನು ಹಾಕಿ ಬ್ಯಾಕ್‌ಟೆಸ್ಟ್ ಮತ್ತೆ ಓಡಿಸಬಹುದು.